ಅಕ್ಕನ ಮನೆಯ ಕೊನೆಯ ಟೈಲು

ಜೆ.ಪಿ. ನಗರದ ಅಕ್ಕನ ಫ್ಲ್ಯಾಟಿನಲ್ಲಿ ಊಟದ ಮೇಜಿನ ಪಕ್ಕದ ಟೈಲು ಎರಡನೇ ಸಲ ಸೀಳಿದಾಗ, ಅದೇ ಬಣ್ಣದ, ಅದೇ ಅಳತೆಯ ಟೈಲು ಮನೆಯಲ್ಲಿ ಉಳಿದಿದ್ದದ್ದು ಒಂದೇ. 2004ರಲ್ಲಿ ಮನೆ ಕಟ್ಟಿಕೊಟ್ಟವರು ಮಿಕ್ಕ ಟೈಲುಗಳನ್ನು ಪೆಟ್ಟಿಗೆ ಸಮೇತ ಲಾಫ್ಟಿನ ಮೇಲೆ ಬಿಟ್ಟುಹೋಗಿದ್ದರು. ದಂತದ ಬಣ್ಣದ, ಎರಡಡಿಗೆ ಎರಡಡಿಯ ವಿಟ್ರಿಫೈಡ್ ಟೈಲು. ಆ ಡಿಸೈನು ಈಗ ಯಾವ ಅಂಗಡಿಯಲ್ಲೂ ಇಲ್ಲ. ಇದ್ದಿದ್ದರೂ ಬೇರೆ ಬ್ಯಾಚಿನದು ಪಕ್ಕದಲ್ಲಿ ಕೂತರೆ ಬಣ್ಣದಲ್ಲಿ ಒಂದು ಛಾಯೆ, ಅಳತೆಯಲ್ಲಿ ಒಂದು ಮಿಲಿಮೀಟರು ಆಚೀಚೆ ಆಗಿಯೇ ತೀರುತ್ತದೆ. ಹಾಗಾಗಿ ಈ ಸಲ ಕೆಲಸ ಕೆಡುವಂತಿರಲಿಲ್ಲ.

ಮೊದಲ ಸಲ ರಿಪೇರಿಗೆ ಬಂದವರು ಅರ್ಧ ದಿನದಲ್ಲಿ ಮುಗಿಸಿದ್ದರು. ಒಡೆದದ್ದನ್ನು ಕಿತ್ತು, ಗುಂಡಿಗೆ ಸಿಮೆಂಟ್ ಹಾಲು ಸುರಿದು, ಹೊಸದನ್ನು ಒತ್ತಿ ಕೂರಿಸಿ, ಸಂದಿಗೆ ಬಿಳಿ ಸಿಮೆಂಟು ತೀಡಿ ಹೋಗಿದ್ದರು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಕೆಲವೇ ವಾರಗಳಲ್ಲಿ ಅದರ ಮೇಲೆ ಕಾಲಿಟ್ಟರೆ ಸದ್ದು ಬದಲಾಯಿತು. ಬಿಳಿ ಸಿಮೆಂಟು ಪುಡಿಪುಡಿಯಾಗಿ ಪೊರಕೆಗೆ ಬಂತು. ಆಮೇಲೊಂದು ದಿನ ಮಿಕ್ಸಿ ಜಾರು ಕೈಜಾರಿ ಬಿದ್ದದ್ದಷ್ಟೆ, ಟೈಲು ಮೂಲೆಯಿಂದ ಮೂಲೆಗೆ ಸೀಳಿತು. "ಅದೇ ಜಾರು ಪಕ್ಕದ ಟೈಲಿನ ಮೇಲೂ ಎಷ್ಟೋ ಸಲ ಬಿದ್ದಿದೆ ಕಣೋ, ಅದಕ್ಕೇನೂ ಆಗಿಲ್ಲ" ಅಂದಳು ಅಕ್ಕ. ಅವಳ ಮಾತಿನಲ್ಲೇ ಕಾರಣ ಇತ್ತು. ಟೈಲು ಒಡೆಯುವುದು ಬಿದ್ದ ವಸ್ತುವಿನಿಂದ ಮಾತ್ರವಲ್ಲ, ಅಡಿಯಲ್ಲಿರುವ ಟೊಳ್ಳಿನಿಂದಲೂ. ಪೂರ್ತಿ ತಳಕ್ಕೆ ಕಚ್ಚಿಕೊಂಡ ಟೈಲು ಪೆಟ್ಟನ್ನು ಕೆಳಗಿನ ಗಾರೆಗೆ ದಾಟಿಸುತ್ತದೆ. ಟೊಳ್ಳಿನ ಮೇಲಿರುವ ಟೈಲು ಪೆಟ್ಟನ್ನು ತಾನೊಂದೇ ತಡೆಯಬೇಕು.

ಈ ಸಲ ನಾನು ಕರೆದದ್ದು ಬನಶಂಕರಿ ಕಡೆಯ ಹಿರಿಯ ಮೇಸ್ತ್ರಿಯೊಬ್ಬರನ್ನು. ಹುಡುಗರಾಗಿದ್ದಾಗ ಜಯನಗರದ ಮನೆಗಳಿಗೆ ಮೊಸಾಯಿಕ್ ಹಾಕಿ ಕೈ ಪಳಗಿಸಿಕೊಂಡವರು. ಟೈಲು ಆಮೇಲೆ ಬಂದ ಕೆಲಸ. ಅವರು ಬಂದವರೇ ಸೀಳಿದ ಟೈಲನ್ನು ನೋಡಲಿಲ್ಲ. ಮಂಡಿಯೂರಿ ಸುತ್ತಿಗೆಯ ಹಿಡಿಯಿಂದ ಸುತ್ತಲಿನ ಎಂಟು ಟೈಲುಗಳನ್ನು ಒಂದೊಂದಾಗಿ, ನಾಲ್ಕು ಮೂಲೆ ಮತ್ತು ನಡುವೆ, ತಟ್ಟುತ್ತಾ ಹೋದರು. ಎಂಟೂ ಗಟ್ಟಿ ಸದ್ದು ಕೊಟ್ಟವು, ಅಡುಗೆಮನೆ ಬಾಗಿಲ ಕಡೆಯ ಒಂದು ಮೂಲೆ ಮಾತ್ರ ಸ್ವಲ್ಪ ಡಬ್ ಅಂದಿತು. "ಪಕ್ಕದವು ಗಟ್ಟಿಯಿದ್ರೆ ಒಂದೇ ಟೈಲಿನ ಕೆಲಸ ಸಾರ್. ಪಕ್ಕದವೂ ಟೊಳ್ಳಾಗಿದ್ರೆ ಒಂದನ್ನ ಕೂರಿಸಿ ಪ್ರಯೋಜನ ಇಲ್ಲ" ಅಂದರು. ಸೀಳು ಪಕ್ಕದ ಟೈಲಿಗೂ ಒಂದೇ ಗೆರೆಯಲ್ಲಿ ಮುಂದುವರಿದಿದೆಯೇ ಎಂದೂ ನೋಡಿದರು. ಹಾಗೆ ಮುಂದುವರಿದಿದ್ದರೆ ಬಿರುಕಿರುವುದು ಕೆಳಗಿನ ಗಾರೆಯಲ್ಲೋ ಸ್ಲ್ಯಾಬಿನಲ್ಲೋ ಎಂದರ್ಥ. ಆಗ ಮೇಲೆ ಎಷ್ಟು ಸಲ ಟೈಲು ಬದಲಿಸಿದರೂ ಅದೇ ಜಾಗದಲ್ಲಿ ಮತ್ತೆ ಸೀಳುತ್ತದೆ.

ಒಡೆಯುವುದರಲ್ಲೂ ಅವರಿಗೆ ಒಂದು ಕ್ರಮವಿತ್ತು. ಮೊದಲು ಸುತ್ತಲಿನ ಸಂದನ್ನು ತೆಳು ಬ್ಲೇಡಿನಿಂದ ಕೆರೆದು ಖಾಲಿ ಮಾಡಿದರು, ಪೆಟ್ಟು ಪಕ್ಕದ ಟೈಲಿನ ಅಂಚಿಗೆ ಹರಿಯದಿರಲಿ ಎಂದು. ಪಕ್ಕದ ಅಂಚುಗಳ ಮೇಲೆ ದಪ್ಪ ಟೇಪು ಅಂಟಿಸಿದರು. ಗ್ರೈಂಡರಿನಿಂದ ಟೈಲಿನೊಳಗೆ, ಅಂಚಿನಿಂದ ಎರಡು ಬೆರಳು ಒಳಗೆ, ಚೌಕಾಕಾರವಾಗಿ ಕೊಯ್ದರು. ಟೈಲಿನ ದಪ್ಪಕ್ಕಿಂತ ಆಳಕ್ಕೆ ಬ್ಲೇಡು ಬಿಡಲಿಲ್ಲ, ಏಕೆಂದರೆ ನಮ್ಮ ಫ್ಲ್ಯಾಟುಗಳಲ್ಲಿ ಗಾರೆಯೊಳಗೆ ನೀರಿನ ಪೈಪೋ ವೈರಿನ ಪೈಪೋ ಹಾದುಹೋಗಿರುವುದುಂಟು. ಆಮೇಲೆ ಉಳಿ ಹಿಡಿದು ನಡುವಿನಿಂದ ಅಂಚಿನ ಕಡೆಗೆ ಚೂರು ಚೂರಾಗಿ ತೆಗೆದರು. ಅಂಚಿನ ಪಟ್ಟಿಗಳನ್ನು ಕೊನೆಗೆ, ಒಳಮುಖವಾಗಿ ಮೀಟಿ ಎಬ್ಬಿಸಿದರು. ಕನ್ನಡಕ ಹಾಕದೆ ಈ ಕೆಲಸಕ್ಕೆ ಕೂರಬಾರದು. ವಿಟ್ರಿಫೈಡ್ ಚೂರು ಗಾಜಿನಷ್ಟೇ ಹರಿತ.

ಚೂರುಗಳನ್ನು ಅವರು ಎಸೆಯಲಿಲ್ಲ. ಒಂದೊಂದನ್ನೇ ಮಗುಚಿ ಹಿಂಬದಿಯನ್ನು ನನ್ನ ಮುಂದೆ ಹಿಡಿದರು. ಒಂದು ಕಾಳು ಸಿಮೆಂಟೂ ಅಂಟಿರಲಿಲ್ಲ. ಹಿಂಬದಿಯ ಉಬ್ಬುಗೆರೆಗಳ ಮೇಲೆ ಕಾರ್ಖಾನೆಯಿಂದ ಬಂದ ಬಿಳಿ ಪುಡಿ ಹಾಗೇ ಇತ್ತು. ಅದೇ ಗೆರೆಗಳ ಅಚ್ಚು ಕೆಳಗಿನ ಸಿಮೆಂಟಿನ ಮೇಲೆ ನುಣ್ಣಗೆ ಮೂಡಿತ್ತು. ಸಿಮೆಂಟು ನೆಲಕ್ಕೆ ಕಚ್ಚಿತ್ತು, ಟೈಲಿಗೆ ಕಚ್ಚಿರಲಿಲ್ಲ. ಸಿಮೆಂಟೇ ಒಡೆದಿದ್ದರೆ ಎರಡು ಕಡೆಯೂ ತರಿತರಿ ಕಾಣಬೇಕಿತ್ತು.

ಹೀಗೇಕಾಯಿತು ಎನ್ನುವುದನ್ನು ಅವರು ಮೊಸಾಯಿಕ್‌ನಿಂದ ಶುರುಮಾಡಿ ಹೇಳಿದರು. ಸಿಮೆಂಟಿನಿಂದಲೇ ಮಾಡಿದ ಮೊಸಾಯಿಕ್ ಬಿಲ್ಲೆ ನೀರು ಕುಡಿಯುತ್ತದೆ. ಹಳೆಯ ಸೆರಾಮಿಕ್ ಟೈಲೂ ಕುಡಿಯುತ್ತದೆ, ಅದಕ್ಕೇ ಅವನ್ನು ನೀರಿನಲ್ಲಿ ನೆನೆಸಿ ಹಾಕುತ್ತಿದ್ದರು. ಸಿಮೆಂಟ್ ಹಾಲು ಆ ಸಣ್ಣ ರಂಧ್ರಗಳೊಳಗೆ ಇಳಿದು, ಅಲ್ಲೇ ಹರಳುಗಟ್ಟಿ ಬೇರು ಬಿಡುತ್ತದೆ. ವಿಟ್ರಿಫೈಡ್ ಟೈಲು ಹಾಗಲ್ಲ. ತೀರಾ ಹೆಚ್ಚಿನ ಶಾಖದಲ್ಲಿ ಬೆಂದು ಗಾಜಿನ ಹಾಗೆ ಒಂದಾದ ಅದು ತನ್ನ ತೂಕದ ಅರ್ಧ ಶೇಕಡಾದಷ್ಟು ನೀರನ್ನೂ ಹೀರುವುದಿಲ್ಲ. ಬೇರು ಇಳಿಯಲು ರಂಧ್ರವೇ ಇಲ್ಲ. ಅದರ ಮೇಲೆ ಆ ಬಿಳಿ ಪುಡಿ ಬೇರೆ. ಗೂಡಿನ ರೋಲರುಗಳಿಗೆ ಟೈಲು ಅಂಟದಿರಲಿ ಎಂದು ಕಾರ್ಖಾನೆಯಲ್ಲಿ ಬಳಿಯುವುದು ಅದು, ಅಂಟದಿರುವುದೇ ಅದರ ಕೆಲಸ. ನಮ್ಮ ಊರಿನ ಗಾರೆ ಕೆಲಸ ಕುಡಿಯುವ ಬಿಲ್ಲೆಗಳ ಮೇಲೆ ಕಲಿತ ವಿದ್ಯೆ. ಟೈಲು ಬದಲಾಯಿತು, ಕೈಯ ಅಭ್ಯಾಸ ಹಾಗೇ ಮುಂದುವರಿಯಿತು. ಕಟ್ಟುವಾಗ ಹಾಕಿದ ಟೈಲುಗಳು ಹಸಿ ಗಾರೆಯ ಮೇಲೆ ಚೆನ್ನಾಗಿ ಬಡಿಸಿಕೊಂಡು, ಅಕ್ಕಪಕ್ಕದವುಗಳ ಆಸರೆಯಲ್ಲಿ ಹೇಗೋ ನಿಂತಿರುತ್ತವೆ. ಒಣಗಿ ಹಳತಾದ ಗಾರೆಯ ಮೇಲೆ ನೀರು ನೀರಾದ ಸಿಮೆಂಟ್ ಹಾಲು ಸುರಿದು ಕೂರಿಸಿದ ಒಂಟಿ ಟೈಲಿಗೆ ಆ ಅನುಕೂಲವಿಲ್ಲ. ಸಿಮೆಂಟ್ ಹಾಲು ಒಣಗುತ್ತಾ ಕುಗ್ಗಿ ಟೈಲನ್ನು ಬಿಟ್ಟು ಕೆಳಗಿಳಿಯುತ್ತದೆ.

ಗುಂಡಿ ಸಿಕ್ಕಿತು. ಇನ್ನು ಅಂಟು ಯಾವುದು ಎಂದು ನಾನು ಕೇಳಿದರೆ, ಅವರು ಟೇಪು ಹಿಡಿದು ಆಳ ಅಳೆಯಲು ಕೂತರು. ಅಂಟು ಆಯ್ಕೆ ಮಾಡುವ ಮೊದಲು ಅಂಟಿಗೆ ಎಷ್ಟು ಜಾಗ ಇದೆ ಎಂದು ಗೊತ್ತಾಗಬೇಕು. ಸಡಿಲವಾಗಿದ್ದ ಹಳೆಯ ಸಿಮೆಂಟಿನ ಪದರವನ್ನು ಉಳಿಯಿಂದ ಕೆತ್ತಿ, ಸ್ಕ್ರೂಡ್ರೈವರಿನಿಂದ ಕೆರೆದರೆ ಪುಡಿಯಾಗದ ಗಾರೆ ಸಿಗುವವರೆಗೆ ಇಳಿದ ಮೇಲೆ, ಪಕ್ಕದ ಟೈಲಿನ ಮೇಲ್ಮೈಯಿಂದ ಆಳ 24 ಮಿ.ಮೀ. ಬಂತು. ಟೈಲಿನ ದಪ್ಪ 9. ಉಳಿದದ್ದು 15. ಚೀಲದಲ್ಲಿ ಬರುವ ಸಾಧಾರಣ ಟೈಲ್ ಅಂಟು ತೆಳುವಾಗಿ ಕೆಲಸ ಮಾಡುವ ವಸ್ತು, ಮೂರರಿಂದ ಹತ್ತು ಹನ್ನೆರಡು ಮಿಲಿಮೀಟರಿನ ಒಳಗೆ. ಹದಿನೈದು ಮಿಲಿಮೀಟರು ಅಂಟನ್ನೇ ತುಂಬಿದರೆ ಅದು ಒಳಗೆ ನಿಧಾನವಾಗಿ ಒಣಗುತ್ತಾ ಕುಗ್ಗುತ್ತದೆ. ಸಂಜೆ ಮಟ್ಟವಾಗಿದ್ದ ಟೈಲು ಬೆಳಗ್ಗೆ ಒಂದು ಮಿಲಿಮೀಟರು ತಗ್ಗಿರುತ್ತದೆ, ಬರಿಗಾಲಿಗೆ ಅಂಚು ತಾಗುತ್ತದೆ. ಮಧ್ಯದಲ್ಲೊಂದು, ಮೂಲೆಗೊಂದು ಉಂಡೆ ಇಟ್ಟು ಒತ್ತುವವರೂ ಇದ್ದಾರೆ. ಉಂಡೆಗಳ ನಡುವೆ ಮತ್ತದೇ ಟೊಳ್ಳು.

ಆದ್ದರಿಂದ ಅಂಟಿಗೆ 6 ಮಿ.ಮೀ. ಬಿಟ್ಟು, ಬಾಕಿ 9 ಮಿ.ಮೀ.ಯನ್ನು ಮೊದಲೇ ಗಾರೆಯಿಂದ ತುಂಬುವುದು ಎಂದಾಯಿತು. ಧೂಳನ್ನೆಲ್ಲ ವ್ಯಾಕ್ಯೂಮಿನಿಂದ ಎಳೆದು, ನೆಲವನ್ನು ಒದ್ದೆ ಬಟ್ಟೆಯಿಂದ ತೇವ ಮಾಡಿ, ಸಿಮೆಂಟು ಒಂದು ಪಾಲಿಗೆ ಮರಳು ನಾಲ್ಕು ಪಾಲು ಕಲಸಿ, ನೀರಿಗೆ ಲೇಟೆಕ್ಸ್ ದ್ರಾವಣ ಬೆರೆಸಿ ತುಂಬಿದರು. ಅದನ್ನು ಸಮ ಮಾಡಿದ ರೀತಿ ನನಗೆ ಬಹಳ ಇಷ್ಟವಾಯಿತು. ಗುಂಡಿಗಿಂತ ಉದ್ದದ ಮರದ ಪಟ್ಟಿಯೊಂದರ ಎರಡು ತುದಿಗಳನ್ನು 15 ಮಿ.ಮೀ. ಮೇಲಕ್ಕೆ ಕಚ್ಚು ಮಾಡಿ, ತುದಿಗಳು ಪಕ್ಕದ ಟೈಲುಗಳ ಮೇಲೆ ಜಾರುವಂತೆ, ನಡುಭಾಗ ಗುಂಡಿಯೊಳಗೆ ಇಳಿಯುವಂತೆ ಹಿಡಿದು ಎಳೆದರು. ಗಾರೆ ಎಲ್ಲೆಲ್ಲೂ ಮೇಲ್ಮೈಯಿಂದ ಸರಿಯಾಗಿ 15 ಮಿ.ಮೀ. ಕೆಳಗೆ ನಿಂತಿತು. ಅದು ಗಟ್ಟಿಯಾಗುವವರೆಗೆ ಗುಂಡಿಯ ಮೇಲೆ ಪ್ಲೈವುಡ್ ಹಲಗೆ ಮುಚ್ಚಿ ಓಡಾಡಿದೆವು.

ಅಂಟು ತರಲು ಹೋದ ಹಾರ್ಡ್‌ವೇರ್ ಅಂಗಡಿಯಲ್ಲಿ ಹುಡುಗ ಒಂದು ಡಬ್ಬಿ ಮುಂದಿಟ್ಟ. "ಒಂದೇ ಟೈಲ್ ತಾನೇ ಸಾರ್? ರೆಡಿ ಪೇಸ್ಟ್, ಕಲಸೋ ಗೋಜಿಲ್ಲ." ಗೋಡೆಯ ಸಣ್ಣ ಸೆರಾಮಿಕ್ ಟೈಲಿಗೆ ಅದು ಸಾಕಾಗಬಹುದು, ಈ ಗುಂಡಿಗೆ ಆಗದು. ಆ ಬಗೆಯ ಪೇಸ್ಟು ಗಟ್ಟಿಯಾಗುವುದು ಒಳಗಿನ ನೀರು ಆವಿಯಾಗಿ ಹೋದ ಮೇಲೆ. ಮೇಲೆ ನೀರು ದಾಟದ ವಿಟ್ರಿಫೈಡ್, ನಾಲ್ಕೂ ಕಡೆ ಪಕ್ಕದ ಟೈಲುಗಳ ಗೋಡೆ. ಎರಡಡಿ ಅಗಲದ ನಡುವಿನಿಂದ ಆ ನೀರು ಹೊರಬರಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಯಾರಾದರೂ ಕುರ್ಚಿ ಎಳೆದರೆ ಟೈಲು ಅಲುಗಿಬಿಡುತ್ತದೆ. ಸಿಮೆಂಟಿನ ಅಂಟು ಹಾಗಲ್ಲ, ಅದು ತಾನು ಕುಡಿದ ನೀರಿನೊಡನೆ ಬೆರೆತೇ ಗಟ್ಟಿಯಾಗುತ್ತದೆ, ಗಾಳಿ ಬೇಕಿಲ್ಲ.

ಚೀಲದ ಮೇಲೆ ನೋಡಬೇಕಾದದ್ದು ಹೆಚ್ಚೇನಿಲ್ಲ. ಭಾರತೀಯ ಮಾನಕ IS 15477 ಟೈಲ್ ಅಂಟುಗಳನ್ನು ಟೈಪ್ 1ರಿಂದ 5ರವರೆಗೆ ವಿಂಗಡಿಸುತ್ತದೆ. ಟೈಪ್ 1 ಮನೆಯೊಳಗಿನ ಸಾದಾ ಸೆರಾಮಿಕ್‌ಗೆ. ವಿಟ್ರಿಫೈಡ್ ಎಂದರೆ ಕನಿಷ್ಠ ಟೈಪ್ 2 ಬೇಕು. ಬೆಲೆಯ ವ್ಯತ್ಯಾಸ ಪಾಲಿಮರಿನದು. ರಂಧ್ರವಿಲ್ಲದ ಮೈಗೆ ಬೇರು ಬಿಡಲಾಗದ ಸಿಮೆಂಟಿಗೆ ಹಿಡಿದುಕೊಳ್ಳುವ ಗುಣ ಕೊಡುವುದು ಅದೇ. ಒಂದು ಟೈಲಿಗೆ ಟೈಪ್ 4, 5ರ ಹಣ ಸುರಿಯುವ ಅಗತ್ಯವಿಲ್ಲ. ಎರಡನೆಯದಾಗಿ ನೋಡಬೇಕಾದದ್ದು ತಯಾರಾದ ತಿಂಗಳು. ಲೆಕ್ಕ ಹಾಕಿದರೆ ನಮಗೆ ಬೇಕಿದ್ದದ್ದು ಬಹಳ ಸ್ವಲ್ಪ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರು ದಪ್ಪಕ್ಕೆ ಸುಮಾರು ಒಂದೂವರೆ ಕೆ.ಜಿ. ಪುಡಿ. ನಮ್ಮ ಟೈಲು 0.36 ಚದರ ಮೀಟರು, ದಪ್ಪ 6 ಮಿ.ಮೀ., ಎಂದರೆ ಮೂರೂಕಾಲು ಕೆ.ಜಿ. ಚೀಲ 20 ಕೆ.ಜಿ.ಯದು. ಬಿಚ್ಚಿದ ಚೀಲದಿಂದ ಪ್ಲಾಸ್ಟಿಕ್ ಕವರಿಗೆ ತೂಗಿಕೊಡುತ್ತೇವೆ ಅಂದರು ಅಂಗಡಿಯವರು. ನಾನು ಒಪ್ಪಲಿಲ್ಲ. ಬಿಚ್ಚಿಟ್ಟ ಪುಡಿ ಗಾಳಿಯ ತೇವ ಎಳೆದುಕೊಂಡು ಒಳಗೊಳಗೇ ಗಂಟುಕಟ್ಟಿರುತ್ತದೆ. ಹಿಸುಕಿದರೆ ಪುಡಿಯಾಗುವ ಗಂಟೂ ಅರ್ಧ ಸತ್ತ ಸಿಮೆಂಟೇ. ಪೂರ್ತಿ ಚೀಲ ಕೊಂಡು, ಮಿಕ್ಕದ್ದನ್ನು ಮೇಸ್ತ್ರಿ ಮಾರನೇ ದಿನ ಬೇರೆ ಕೆಲಸಕ್ಕೆ ಒಯ್ದರು.

ಇನ್ನು ಸಂದು. ಇದರ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಆ ಕಾಲದ ಎಷ್ಟೋ ಮನೆಗಳಂತೆ ಅಕ್ಕನ ಮನೆಯಲ್ಲೂ ಟೈಲುಗಳನ್ನು ಒಂದಕ್ಕೊಂದು ತಾಗಿಸಿಯೇ ಹಾಕಿದ್ದಾರೆ, ಸಂದಿನಲ್ಲಿ ಪೋಸ್ಟ್‌ಕಾರ್ಡು ತೂರುವಷ್ಟೂ ಜಾಗವಿಲ್ಲ. ಗುಂಡಿಯನ್ನು ಅಡ್ಡಕ್ಕೆ ಮೂರು ಕಡೆ, ಉದ್ದಕ್ಕೆ ಮೂರು ಕಡೆ ಅಳೆದರೆ ಒಂದು ತುದಿಯಲ್ಲಿ 600 ಮಿ.ಮೀ., ಇನ್ನೊಂದು ತುದಿಯಲ್ಲಿ 601. ಟೈಲೂ 600. ಮೊದಲ ಸಲ ಬಂದವರು ಅದನ್ನು ಹಾಗೇ ಬಡಿದು ಕೂರಿಸಿದ್ದರು. ಹಾಗೆ ಬಿಗಿಯಾಗಿ ಕೂತ ಟೈಲಿಗೆ ಬಿಸಿಲಿಗೆ ಹಿಗ್ಗಲು, ಪಕ್ಕದವು ತಳ್ಳಿದರೆ ಸರಿಯಲು ಎಡೆಯಿಲ್ಲ. ಅರ್ಧ ಮಿಲಿಮೀಟರಿನ ಸಂದಿಗೆ ಯಾವ ಗ್ರೌಟೂ ಇಳಿಯುವುದಿಲ್ಲ, ಮೇಲೆ ಮೆತ್ತಿಕೊಂಡಿದ್ದು ಪೊರಕೆಗೆ ಬರುತ್ತದೆ. ಇಡೀ ನೆಲ ಹಾಕುವಾಗ ಸಂದು ಎಷ್ಟಿರಲಿ ಎಂದು ನಾವು ತೀರ್ಮಾನಿಸಬಹುದು. ಒಂಟಿ ಟೈಲಿನಲ್ಲಿ ಅದನ್ನು ಗುಂಡಿ ತೀರ್ಮಾನಿಸಿರುತ್ತದೆ. ನಮ್ಮ ಕೈಯಲ್ಲಿರುವುದು ಟೈಲನ್ನು ಸಣ್ಣದು ಮಾಡುವುದು ಮಾತ್ರ.

ಹತ್ತಿರದ ಗ್ರಾನೈಟ್ ಅಂಗಡಿಗೆ ಒಯ್ದು ನಾಲ್ಕೂ ಅಂಚನ್ನು ಒಂದೊಂದು ಮಿಲಿಮೀಟರು ನೀರು ಹಾಕಿ ಉಜ್ಜಿಸಿದೆವು. ಟೈಲು 598ಕ್ಕೆ ಇಳಿಯಿತು. ಈಗ ಪ್ರತಿ ಬದಿಗೆ ಒಂದರಿಂದ ಒಂದೂವರೆ ಮಿಲಿಮೀಟರು ಸಿಗುತ್ತದೆ. ಉಜ್ಜಿದ ಅಂಚು ಕತ್ತಿಯಂತೆ ಹರಿತವಾಗಿರುತ್ತದೆ, ಸಣ್ಣ ಎಮರಿ ಕಾಗದದಿಂದ ಅದರ ಮೊನೆ ಮುರಿದರು. ಸುತ್ತಲೂ ಸಂದು ಕಾಣದ ನೆಲದಲ್ಲಿ ಈ ಒಂದಕ್ಕೆ ಚೌಕಟ್ಟು ಹಾಕಿದ ಹಾಗೆ ಗೆರೆ ಕಾಣುವುದಿಲ್ಲವೇ ಎಂದು ಅಕ್ಕ ಕೇಳಿದಳು. ಕಾಣುತ್ತದೆ, ನಿಜ. ಆದರೆ ಎರಡು ಸಲ ಒಡೆದ ಜಾಗದಲ್ಲಿ ಕಾಣದ ಸಂದಿಗಿಂತ ಕೂದಲೆಳೆಯ ಗೆರೆ ಮೇಲು ಎಂದು ನಾನು ಈಗಲೂ ನಂಬುತ್ತೇನೆ.

ಅಂಗಡಿಯ ಪ್ಲಸ್ ಆಕಾರದ ಸ್ಪೇಸರುಗಳು ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಪಕ್ಕದ ಟೈಲುಗಳು ಒಂದಕ್ಕೊಂದು ತಾಗಿಯೇ ಇರುವಾಗ ಮೂಲೆಯಲ್ಲಿ ಪ್ಲಸ್ಸಿನ ಹೊರಗಾಲುಗಳಿಗೆ ಜಾಗವೆಲ್ಲಿ? ಗುಂಡಿಯ ಅಗಲವೂ ಎಲ್ಲ ಕಡೆ ಒಂದೇ ಇಲ್ಲ. ಮೇಸ್ತ್ರಿ ಹಳೇ ವಿಸಿಟಿಂಗ್ ಕಾರ್ಡುಗಳನ್ನು ತುಂಡು ಮಾಡಿ, ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕೈದು ಸೇರಿಸಿ, ಪ್ರತಿ ಬದಿಗೆ ಎರಡು ಕಡೆ ನಿಲ್ಲಿಸಿದರು. ಅಂಟು ಹಾಕುವ ಮೊದಲು ಟೈಲನ್ನು ಒಣದಾಗಿಯೇ ಒಮ್ಮೆ ಇಳಿಸಿ ಎದುರುಬದುರು ಸಂದು ಸಮವಾಗುವಂತೆ ಹಂಚಿ, ಎಲ್ಲೆಲ್ಲಿ ಎಷ್ಟು ಕಾರ್ಡು ಎಂದು ಪಕ್ಕದ ಟೇಪಿನ ಮೇಲೆ ಬರೆದಿಟ್ಟರು. ಈ ಬಿಗಿ ಗುಂಡಿಗೆ ಇಳಿಸಲು, ಎತ್ತಲು ಬೆರಳು ಸಾಲದು. ಗಾಜು ಎತ್ತುವ ರಬ್ಬರ್ ಕಪ್ಪು ಬೇಕೇ ಬೇಕು.

ಕೂರಿಸುವ ದಿನ ಟೈಲಿನ ಹಿಂಬದಿಯ ಬಿಳಿ ಪುಡಿಯನ್ನು ಒದ್ದೆ ಸ್ಪಂಜಿನಿಂದ, ಬೆರಳಿಗೆ ಹತ್ತದಂತಾಗುವವರೆಗೆ ಒರೆಸಿದೆ. ಮೂರೂಕಾಲು ಕೆ.ಜಿ. ಪುಡಿಗೆ ಚೀಲದ ಮೇಲಿನ ಲೆಕ್ಕದಂತೆ ಸುಮಾರು ಮುಕ್ಕಾಲು ಲೀಟರ್ ನೀರು. ಕಲಸಿ ಐದು ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಕಲಸಬೇಕು. ಪಾಲಿಮರು ಕರಗಲು ಬೇಕಾದ ಹೊತ್ತು ಅದು. ಗಟ್ಟಿಯೆನಿಸಿದರೂ ಎರಡನೇ ಸಲ ನೀರು ಸೇರಿಸಬಾರದು. 10 ಮಿ.ಮೀ. ಹಲ್ಲಿನ ಕರಣೆಯಿಂದ ನೆಲದ ಮೇಲೆ ಒಂದೇ ದಿಕ್ಕಿಗೆ ಗೆರೆ ಎಳೆದರು, ಸುತ್ತು ಸುತ್ತಾಗಿ ಅಲ್ಲ. ನೇರ ಗೆರೆಗಳ ನಡುವಿನಿಂದ ಗಾಳಿ ಹೊರಗೆ ಹೋಗುತ್ತದೆ, ಸುತ್ತು ಗೆರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಟೈಲಿನ ಹಿಂಬದಿಗೂ ಚಪ್ಪಟೆ ಕಡೆಯಿಂದ ತೆಳ್ಳಗೆ ಒಂದು ಕೈ ಬಳಿದರು. ಫ್ಯಾನು ಆರಿಸಲು ಹೇಳಿದರು, ಇಲ್ಲದಿದ್ದರೆ ಗೆರೆಗಳ ಮೇಲೆ ಕಾಣದ ಹಾಗೆ ಕೆನೆ ಕಟ್ಟುತ್ತದೆ. ಬೆರಳಿಟ್ಟರೆ ಅಂಟು ಬೆರಳಿಗೆ ಹತ್ತಬೇಕು. ಹತ್ತದಿದ್ದರೆ ಕೆರೆದು ಹೊಸದಾಗಿ ಎಳೆಯಬೇಕು.

ಟೈಲನ್ನು ಇಳಿಸಿ ಒತ್ತಿ, ತಕ್ಷಣ ರಬ್ಬರ್ ಕಪ್ಪಿನಿಂದ ಮತ್ತೆ ಎತ್ತಿ ಮಗುಚಿದರು. ನನಗೆ ಗಾಬರಿ. ಅವರಿಗೆ ಬೇಕಿದ್ದದ್ದು ಹಿಂಬದಿ ನೋಡುವುದು. ಅಂಟು ಮೂಲೆಗಳೂ ಸೇರಿ ಹೆಚ್ಚುಕಡಿಮೆ ಪೂರ್ತಿ ಹರಡಿತ್ತು. ಒಳಗಿನ ಒಣ ನೆಲಕ್ಕೆ ಶೇ. 80ರಷ್ಟಾದರೂ ಹರಡಿರಬೇಕು, ನೀರು ಬೀಳುವ ಜಾಗಕ್ಕೆ ಶೇ. 95. ಒಂದು ಮೂಲೆಗೆ ಸ್ವಲ್ಪ ಅಂಟು ಸೇರಿಸಿ ಮತ್ತೆ ಇಳಿಸಿ, ಗೆರೆಗಳಿಗೆ ಅಡ್ಡಲಾಗಿ ಹಿಂದೆ ಮುಂದೆ ಒಂದಿಷ್ಟು ಸರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಮಟ್ಟ ನೋಡಲು ರಸಮಟ್ಟ ಬಳಸಲಿಲ್ಲ. ಇಡೀ ನೆಲವೇ ಬಾಗಿಲ ಕಡೆಗೆ ವಾಟವಾಗಿರುವಾಗ ಒಂದು ಟೈಲಿಗೆ ಮಾತ್ರ ಮಟ್ಟ ಯಾಕೆ? ನೇರ ಪಟ್ಟಿಯನ್ನು ಎರಡೂ ಪಕ್ಕದ ಟೈಲುಗಳ ಮೇಲೆ ದಾಟಿಸಿಟ್ಟು, ಎಲ್ಲೂ ಅಲುಗದಂತೆ ಮಾಡಿದರು. ಸಂದಿಗೆ ಉಕ್ಕಿ ಬಂದ ಅಂಟನ್ನು ಹಸಿ ಇರುವಾಗಲೇ ತೆಳು ಚಾಕುವಿನಿಂದ ತೆಗೆದರು. ಅದು ಗಟ್ಟಿಯಾದರೆ ಗ್ರೌಟಿಗೆ ಜಾಗವೇ ಉಳಿಯುವುದಿಲ್ಲ.

ಗ್ರೌಟ್ ಮಾರನೇ ದಿನ. ಮರಳು ಕಾಳಿರುವ ಗ್ರೌಟು ಮೂರು ಮಿಲಿಮೀಟರಿಗಿಂತ ಅಗಲದ ಸಂದಿಗೆ. ಇಲ್ಲಿಗೆ ನುಣ್ಣನೆಯದೇ ಬೇಕು. ಎಪಾಕ್ಸಿ ಹಾಕಿಸಿ, ಕಲೆ ಹತ್ತುವುದಿಲ್ಲ ಎಂದು ಅಕ್ಕನಿಗೆ ಪರಿಚಿತರು ಹೇಳಿದ್ದರು. ಬಚ್ಚಲಿಗಾದರೆ ನಾನೂ ಅದನ್ನೇ ಹೇಳುತ್ತೇನೆ. ಇಲ್ಲಿ ಬೇಡ ಅಂದೆ. ಸಂದಿನ ಗಾತ್ರ ಲೆಕ್ಕ ಹಾಕಿ: ಸುತ್ತಳತೆ 2.4 ಮೀಟರು, ಅಗಲ ಒಂದೂವರೆ, ಆಳ 9 ಮಿ.ಮೀ. ಎಂದರೂ 32 ಮಿಲಿಲೀಟರು, ಎರಡು ದೊಡ್ಡ ಚಮಚ. ಅಷ್ಟು ಸ್ವಲ್ಪಕ್ಕೆ ಎಪಾಕ್ಸಿಯ ಎರಡು ದ್ರಾವಣಗಳನ್ನು ತೂಕ ತಪ್ಪದಂತೆ ಬೆರೆಸುವುದು ಕಷ್ಟ, ತಪ್ಪಿದರೆ ಅದು ಗಟ್ಟಿಯಾಗುವುದೇ ಇಲ್ಲ. ಇನ್ನೊಂದು ಕಾರಣ ಇನ್ನೂ ಮುಖ್ಯ. ಮುಂದೆಂದಾದರೂ ಈ ಟೈಲನ್ನೋ ಪಕ್ಕದ್ದನ್ನೋ ತೆಗೆಯಬೇಕಾದರೆ ಸಿಮೆಂಟ್ ಗ್ರೌಟು ಬ್ಲೇಡಿಗೆ ಬಗ್ಗುತ್ತದೆ. ಎಪಾಕ್ಸಿ ಬಗ್ಗದೆ ಪಕ್ಕದ ಟೈಲಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ.

ಬಣ್ಣಕ್ಕೆ ಪೆಟ್ಟಿಗೆಯ ಮೇಲಿನ ಚಿತ್ರ ನಂಬದೆ, ಎರಡು ಛಾಯೆಗಳನ್ನು ಚಿಟಿಕೆ ಚಿಟಿಕೆ ಕಲಸಿ ಒಡೆದ ಟೈಲಿನ ಚೂರುಗಳ ನಡುವೆ ತುಂಬಿ ಒಣಗಿಸಿ ನೋಡಿದ್ದೆವು. ಹಸಿಯಲ್ಲಿ ಕಪ್ಪಗೆ ಕಂಡದ್ದು ಒಣಗಿದ ಮೇಲೆ ದಂತದ ಬಣ್ಣಕ್ಕೆ ಹತ್ತಿರ ಬಂತು, ಹಸಿಯಲ್ಲಿ ಸರಿಯೆನಿಸಿದ್ದು ಸುಣ್ಣದಂತೆ ಬೆಳ್ಳಗಾಯಿತು. ಪಾಲಿಶ್ ಮಾಡಿದ ವಿಟ್ರಿಫೈಡಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಚುಕ್ಕಿ ರಂಧ್ರಗಳಿರುತ್ತವೆ, ಗ್ರೌಟಿನ ಬಣ್ಣ ಅದರಲ್ಲಿ ಕೂತರೆ ಹೋಗುವುದಿಲ್ಲ. ಅದಕ್ಕೇ ಸಂದಿನ ಎರಡೂ ದಡಕ್ಕೆ ಟೇಪು ಅಂಟಿಸಿ, ನೀರಿನ ಬದಲು ಲೇಟೆಕ್ಸ್ ದ್ರಾವಣದಲ್ಲಿ ಕಲಸಿದ ಗ್ರೌಟನ್ನು ರಬ್ಬರ್ ತುಂಡಿನಿಂದ ಓರೆಯಾಗಿ ಒತ್ತೊತ್ತಿ ತುಂಬಿದರು. ನೆಲ ಒರೆಸುವವರಿಗೆ ಆ ಜಾಗಕ್ಕೆ ಎರಡು ದಿನ ಫಿನಾಯಿಲು ಹಾಕಬೇಡಿ ಎಂದು ಅಕ್ಕ ಹೇಳಿಟ್ಟಳು.

ಆ ಟೈಲು ಇವತ್ತಿಗೂ ತಟ್ಟಿದರೆ ಪಕ್ಕದವುಗಳ ಸದ್ದನ್ನೇ ಕೊಡುತ್ತದೆ. ಗ್ರೌಟಿನ ಗೆರೆ ಎಲ್ಲೂ ಕೂದಲು ಸೀಳಿಲ್ಲ. ಕೆಲಸ ಕೆಡುತ್ತಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ. ಗೆರೆಯ ಒಂದು ಬದಿಯಲ್ಲಿ ಸಣ್ಣ ಬಿರುಕು ಉದ್ದಕ್ಕೂ ಕಂಡರೆ ಟೈಲು ಕಾಲಡಿಯಲ್ಲಿ ಅಲುಗುತ್ತಿದೆ ಎಂದೇ ಅರ್ಥ.

ಇದನ್ನು ನೋಡಿ ಬಿಟಿಎಂ ಲೇಔಟಿನ ಸ್ನೇಹಿತರೊಬ್ಬರು ತಮ್ಮ ಹಾಲಿಗೂ ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ಅಲ್ಲೂ ಸೀಳಿದ್ದು ಒಂದೇ ಟೈಲು. ಆದರೆ ಸುತ್ತಲಿನವನ್ನು ತಟ್ಟಿದಾಗ ಐದು ಟೊಳ್ಳು ಸದ್ದು ಕೊಟ್ಟವು, ಎರಡು ಟೈಲುಗಳ ನಡುವೆ ಅಂಚು ಗುಡಾರದಂತೆ ಸ್ವಲ್ಪ ಮೇಲೆದ್ದಿತ್ತು. ಗೋಡೆಯಿಂದ ಗೋಡೆಗೆ ಒಂದಕ್ಕೊಂದು ತಾಗಿಸಿ, ಗೋಡೆಯ ಅಂಚಿಗೂ ಬಿಗಿಯಾಗಿ ಸಿಮೆಂಟು ತುಂಬಿದ ನೆಲ ಅದು. ಹಿಗ್ಗಲು ಎಡೆಯಿಲ್ಲದೆ ಟೈಲುಗಳು ಒಂದನ್ನೊಂದು ತಳ್ಳುತ್ತಿದ್ದವು. ಅಲ್ಲಿ ಒಂದು ಟೈಲು ತೆಗೆದರೆ ಪಕ್ಕದವು ಆ ಗುಂಡಿಗೆ ಜರುಗಿ, ಹೊಸದು ಇಳಿಯದೆಯೂ ಹೋಗಬಹುದಿತ್ತು. ಮೇಸ್ತ್ರಿ ಒಂದೇ ಟೈಲಿನ ಕೆಲಸಕ್ಕೆ ಒಪ್ಪಲಿಲ್ಲ. ಟೊಳ್ಳಾದ ಸಾಲನ್ನು ಗೋಡೆಯವರೆಗೂ ತೆಗೆಸಿ, ಟೈಲುಗಳ ನಡುವೆ ಎರಡು ಮಿಲಿಮೀಟರು, ಗೋಡೆಯ ಅಂಚಿಗೆ ಎಂಟು ಮಿಲಿಮೀಟರು ಖಾಲಿ ಬಿಟ್ಟು ಹೊಸದಾಗಿ ಹಾಕಿದರು. ಗೋಡೆಯಂಚಿನ ಆ ಖಾಲಿ ಜಾಗಕ್ಕೆ ಸಿಮೆಂಟೂ ಇಲ್ಲ, ಗ್ರೌಟೂ ಇಲ್ಲ. ಮೇಲೆ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ.